ಪ್ರತಿ ಸಲ ಎಷ್ಟು ಹಾಕಬೇಕು: ಕೆಲ್ಲಿ ಲೆಕ್ಕ

“ಒಂದು ಬಾಜಿ ಆಟದಲ್ಲಿ ಗೆಲ್ಲುವ ಸಾಧ್ಯತೆ 40%. ಗೆದ್ದರೆ ಹಾಕಿದ್ದರ ಎರಡು ಪಟ್ಟು ಲಾಭ, ಸೋತರೆ ಹಾಕಿದ್ದು ಹೋಯ್ತು. ಕೈಯಲ್ಲಿ 10,000 ಇದೆ. ಪ್ರತಿ ಸಲ ಕಾಲು ಭಾಗ ಹಾಕಬಹುದಾ?”

ಬೇಡ, ಕಾಲು ಭಾಗ ತುಂಬಾ ಜಾಸ್ತಿ. ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ ಸೂತ್ರ ಇದು:

```
f = p - (1 - p)/b
```

f ಅಂದರೆ ಕೈಯಲ್ಲಿರುವ ಹಣದಲ್ಲಿ ಹಾಕಬೇಕಾದ ಪಾಲು, p ಅಂದರೆ ಗೆಲ್ಲುವ ಸಾಧ್ಯತೆ, b ಅಂದರೆ ಒಂದು ರೂಪಾಯಿಗೆ ಬರುವ ಲಾಭ. ನಿಮ್ಮ ಲೆಕ್ಕ 0.4 - 0.6/2 = 0.1. ಅಂದರೆ ಆ ಹೊತ್ತಿಗೆ ಕೈಯಲ್ಲಿರುವ ಹಣದ 10%. ಮೊದಲ ಸಲ 1,000. ಆಮೇಲೆ ಹಣ ಬದಲಾದಂತೆ ಮೊತ್ತವೂ ಬದಲಾಗಬೇಕು.

ಹತ್ತು ಆಟದಲ್ಲಿ ಸರಿಯಾಗಿ 4 ಗೆದ್ದು 6 ಸೋತಿರಿ ಅಂದುಕೊಳ್ಳಿ. 10% ಹಾಕಿದ್ದರೆ 10,000 × 1.2⁴ × 0.9⁶, ಸುಮಾರು 11,020 ಆಗುತ್ತದೆ. ಕಾಲು ಭಾಗ ಹಾಕಿದ್ದರೆ 10,000 × 1.5⁴ × 0.75⁶, ಸುಮಾರು 9,010 ಮಾತ್ರ! ಆಟ ನಿಮ್ಮ ಪರವಾಗಿದ್ದರೂ ಹಣ ಕರಗುತ್ತದೆ. 25% ಕಳೆದುಕೊಂಡರೆ ಮೊದಲಿನ ಮಟ್ಟಕ್ಕೆ ಬರಲು 33% ಗಳಿಸಬೇಕು, ಅಲ್ವಾ? ಪೆಟ್ಟು ಬೀಳುವುದು ಅಲ್ಲೇ. ಈ ಆಟದಲ್ಲಿ ಸುಮಾರು 20% ದಾಟಿದರೆ ಬೆಳವಣಿಗೆ ನಿಂತೇ ಹೋಗುತ್ತದೆ.

ನನಗೆ ನಿಜಕ್ಕೂ ಭಯ ಇರುವುದು ಆ 40%ರ ಬಗ್ಗೆ. ಅದು ಅಂದಾಜು ತಾನೇ? ನಿಜವಾದ ಸಾಧ್ಯತೆ 35% ಇದ್ದರೆ ಸೂತ್ರ ಹೇಳುವುದು ಬರೀ 2.5%. ಆಗ 10% ಹಾಕಿದರೂ ನಷ್ಟವೇ. ಅದಕ್ಕೇ ನಾನು ಅರ್ಧ ಕೆಲ್ಲಿ, ಅಂದರೆ 5% ಹಾಕಿ ಅನ್ನುತ್ತೇನೆ. ಅಂದಾಜು ಸರಿಯಿದ್ದರೆ 10% ಹಾಕಿದಾಗ ಸಿಗುವ ಬೆಳವಣಿಗೆಯ ಸುಮಾರು ಮುಕ್ಕಾಲು ಭಾಗ ಸಿಗುತ್ತದೆ. 35%ಕ್ಕೆ ಇಳಿದಿದ್ದರೂ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತೀರಿ.