ಕೊನೆಯ ಕ್ರಿಯಾಪದಕ್ಕೆ ಎಲ್ಲರೂ ಹೊಂದಬೇಕು

ಓದುಗರ ಪತ್ರ: ನಮ್ಮ ಬಡಾವಣೆಯ ಪುಟ್ಟ ಗ್ರಂಥಾಲಯದ ಗೋಡೆಗೆ ಅಂಟಿಸಲು ಈ ಸೂಚನೆ ಬರೆದೆ: "ಸದಸ್ಯರು ಪುಸ್ತಕಗಳನ್ನು 15 ದಿನಗಳೊಳಗೆ ಹಿಂದಿರುಗಿಸುವುದು, ಪುಟಗಳ ಮೇಲೆ ಗೀಚಬಾರದು, ಮೌನ ಪಾಲನೆ ಹಾಗೂ ಪುಸ್ತಕ ಕಳೆದರೆ ಅದರ ಬೆಲೆಯನ್ನು ಕಟ್ಟಿಕೊಡಬೇಕು." ಕಾಗುಣಿತ ತಪ್ಪಿಲ್ಲ, ಅರ್ಥವೂ ಆಗುತ್ತದೆ. ಆದರೂ ಸಮಿತಿಯವರು "ಓದುವಾಗ ಎಡವಿದ ಹಾಗಾಗುತ್ತದೆ" ಅಂದರು. ಎಲ್ಲಿ ಎಡವುತ್ತದೆ? ಹೋಲಿಸಿ ಹೇಳುವ ವಾಕ್ಯಗಳಲ್ಲೂ ಹೀಗಾಗುತ್ತದೆಯೇ?
— ಒಬ್ಬ ಓದುಗರು, ಶಿವಮೊಗ್ಗ

ಸಂಪಾದಕರ ಉತ್ತರ: "ಮೌನ ಪಾಲನೆ" ಎಂಬಲ್ಲಿ ಎಡವುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಓದುಗ ಆಗಲೇ ಒಂದು ಸಲ ಹೆಜ್ಜೆ ಬದಲಿಸಿರುತ್ತಾನೆ. ಮೊದಲ ಸಂಗತಿ "ಹಿಂದಿರುಗಿಸುವುದು" ಎಂದು ಕಚೇರಿ ಸುತ್ತೋಲೆಯ ಧಾಟಿಯಲ್ಲಿ ಮುಗಿಯುತ್ತದೆ, ಎರಡನೆಯದು "ಬಾರದು" ಎಂದು ನಿಷೇಧಿಸುತ್ತದೆ. ಮೂರನೆಯದರಲ್ಲಿ ಕ್ರಿಯಾಪದವೇ ಇಲ್ಲ, ಬರೀ ನಾಮಪದ. ನಾಲ್ಕನೆಯದು "ಬೇಕು." ಹೀಗೆ ನಾಲ್ಕು ಸಂಗತಿಗಳು ನಾಲ್ಕು ಬಗೆಯಲ್ಲಿ ಮುಗಿದಿವೆ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿ ಬರುತ್ತದೆ. ಅರ್ಧಕ್ಕೆ ನಿಂತ ಯಾವ ಸಂಗತಿಯನ್ನೇ ಆಗಲಿ, ಓದುಗ ಆ ತುದಿ ಸಿಗುವವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕಾಯುತ್ತಾನೆ. ಹಾಗಾಗಿ ಪಟ್ಟಿ ಸರಿಯಿದೆಯೇ ಎಂದು ನೋಡುವುದು ಸುಲಭ: ಉಳಿದವನ್ನು ಬೆರಳಿನಿಂದ ಮುಚ್ಚಿ, ಒಂದೊಂದನ್ನೇ ಕೊನೆಯ ಕ್ರಿಯಾಪದಕ್ಕೆ ಜೋಡಿಸಿ ಗಟ್ಟಿಯಾಗಿ ಓದಿ. ನಿಮ್ಮ ಸೂಚನೆಯಲ್ಲಿ ಹಾಗೆ ಮಾಡಿದರೆ "ಸದಸ್ಯರು ಮೌನ ಪಾಲನೆ ಕಟ್ಟಿಕೊಡಬೇಕು" ಎಂದಾಗುತ್ತದೆ. ಮೌನವನ್ನು ಕಟ್ಟಿಕೊಡುವುದು ಹೇಗೆ? ಕಣ್ಣು ಓಡಿಸಿದಾಗ ಸಿಗದ ತಪ್ಪು ಗಟ್ಟಿಯಾಗಿ ಓದಿದಾಗ ಸಿಗುತ್ತದೆ.

ಇದನ್ನು ತಿದ್ದಲು ಹೊರಟವರು ಸಾಮಾನ್ಯವಾಗಿ ಎಲ್ಲವನ್ನೂ "-ಇ" ಕೃದಂತಕ್ಕೆ ತಂದುಬಿಡುತ್ತಾರೆ: "ಪುಸ್ತಕ ಹಿಂದಿರುಗಿಸಿ, ಮೌನ ಪಾಲಿಸಿ, ಬೆಲೆ ಕಟ್ಟಿಕೊಡಬೇಕು." ನೋಡಲು ಅಂದವಾಗಿದೆ, ಅರ್ಥ ಮಾತ್ರ ಕೆಟ್ಟಿತು. "ಸ್ನಾನ ಮಾಡಿ ಊಟ ಮಾಡಿದ" ಎಂದಾಗ ಸ್ನಾನ ಮೊದಲು, ಊಟ ಆಮೇಲೆ. "-ಇ" ಹೀಗೆ ಒಂದರ ನಂತರ ಇನ್ನೊಂದು ಎಂಬ ಕ್ರಮವನ್ನು ತರುತ್ತದೆ. ನಿಮ್ಮ ನಿಯಮಗಳಿಗೆ ಅಂಥ ಕ್ರಮವಿಲ್ಲ. ನಿಷೇಧವಿರುವ ವಾಕ್ಯದಲ್ಲಿ ಇನ್ನೂ ಎಡವಟ್ಟು. "ಪುಟ ಮಡಚಿ ಗೀಚಬಾರದು" ಎಂದು ಬರೆದರೆ, ಮಡಚದೆ ಗೀಚಬಹುದಲ್ಲ ಎಂದು ಯಾವನೋ ಒಬ್ಬ ಹುಡುಗ ಕೇಳಿಯೇ ಕೇಳುತ್ತಾನೆ. ಅವನ ಕನ್ನಡ ಸರಿಯಾಗಿಯೇ ಇದೆ. "ಪುಟ ಮಡಚಬಾರದು, ಗೀಚಬಾರದು" ಎಂದು ಎರಡು ಸಲ ಬರೆದರೆ ಅವನ ಬಾಯಿ ಮುಚ್ಚುತ್ತದೆ. ಇಲ್ಲಿ "ಬಾರದು" ಎರಡು ಸಲ ಬಂತಲ್ಲ ಎಂದು ಸಂಕೋಚಪಡಬೇಕಾಗಿಲ್ಲ. ಹಾಗೆಯೇ, ಪೂರ್ಣ ಕ್ರಿಯಾಪದಗಳ ನಡುವೆ "ಹಾಗೂ", "ಮತ್ತು" ತುರುಕುವುದೂ ಬೇಡ. "ಬೇಕು, ಬೇಕು, ಬೇಕು" ಎಂದು ಸಾಲಾಗಿ ಬಂದರೆ ಕನ್ನಡದ ಕಿವಿಗೆ ಸಾಕು.

ನಾಮಪದಗಳ ಪಟ್ಟಿಯಲ್ಲಿ ತೊಂದರೆ ವಿಭಕ್ತಿಯದು. ನಮ್ಮ ಮೇಜಿಗೆ ಬರುವ ಬರಹಗಳಲ್ಲಿ "ಮಕ್ಕಳಿಗೆ, ಮಹಿಳೆಯರು ಮತ್ತು ಹಿರಿಯರಿಗೆ" ಎಂಬಂಥದ್ದು ಆಗಾಗ ಕಾಣುತ್ತದೆ. "ಮತ್ತು" ಬಳಸಿದಾಗ ಪ್ರತ್ಯಯವನ್ನು ಕೊನೆಯ ಪದಕ್ಕಷ್ಟೇ ಹಚ್ಚಬಹುದು: "ಮಕ್ಕಳು, ಮಹಿಳೆಯರು ಮತ್ತು ಹಿರಿಯರಿಗೆ." ಇಲ್ಲವೇ ಮೂರಕ್ಕೂ ಹಚ್ಚಬಹುದು. ಮೂರರಲ್ಲಿ ಎರಡಕ್ಕೆ ಹಚ್ಚಿ ಒಂದನ್ನು ಬಿಟ್ಟರೆ ಆ ಒಂದು ಹೊರಗೆ ನಿಂತಂತಾಗುತ್ತದೆ. "-ಊ" ಬಳಸುವುದಾದರೆ ಈ ಆಯ್ಕೆಯೂ ಇಲ್ಲ, ಪ್ರತಿ ಪದವೂ ತನ್ನ ವಿಭಕ್ತಿಯನ್ನು ತಾನೇ ಹೊರಬೇಕು: "ಮಕ್ಕಳಿಗೂ ಮಹಿಳೆಯರಿಗೂ ಹಿರಿಯರಿಗೂ." ಪಟ್ಟಿಯ ಪದಗಳು ಉದ್ದವಾದಾಗ, ಅಂದರೆ ಒಂದೊಂದರ ಹಿಂದೆ ನಾಲ್ಕೈದು ಪದಗಳ ವಿಶೇಷಣವಿದ್ದಾಗ, ಎಲ್ಲಕ್ಕೂ ಹಚ್ಚುವುದೇ ಕ್ಷೇಮ.

ವಿಶೇಷಣವೆಂದಾಗ ನೆನಪಾಯಿತು. "ಹಳೆಯ ಪುಸ್ತಕಗಳು ಮತ್ತು ಪತ್ರಿಕೆಗಳನ್ನು ಮಾರಲಾಗುವುದು" ಎಂದರೆ ಪತ್ರಿಕೆಗಳೂ ಹಳೆಯವೇ? "-ಊ" ಹಚ್ಚಿದರೂ ಈ ಗೊಂದಲ ಹೋಗದು. ಜಾಗ ಬದಲಿಸಿ: "ಪತ್ರಿಕೆಗಳನ್ನೂ ಹಳೆಯ ಪುಸ್ತಕಗಳನ್ನೂ ಮಾರಲಾಗುವುದು." ವಿಶೇಷಣ ತನ್ನ ಮುಂದಿನದಕ್ಕೆ ಹತ್ತುತ್ತದೆ, ಹಿಂದಿನದಕ್ಕೆ ಹತ್ತದು.

ಇನ್ನು ಹೋಲಿಕೆ. ಇಲ್ಲಿ ಒಂದು ಗುಂಡಿ ಇದೆ. "-ಗಿಂತ" ಯಾವಾಗಲೂ ಚತುರ್ಥಿಯ ರೂಪದ ಮೇಲೆಯೇ ಕೂರುತ್ತದೆ: ಅಪ್ಪನಿಗಿಂತ, ಊರಿಗಿಂತ, ಅದಕ್ಕಿಂತ. ಆ ಪದ ವಾಕ್ಯದಲ್ಲಿ ಕರ್ತೃವೋ ಕರ್ಮವೋ ಎಂಬ ಗುರುತನ್ನು "-ಗಿಂತ" ನುಂಗಿಬಿಡುತ್ತದೆ. ಈ ವಾಕ್ಯ ನೋಡಿ: "ಗ್ರಂಥಪಾಲಕರು ಕಾರ್ಯದರ್ಶಿಗಿಂತ ಓದುಗರನ್ನು ಹೆಚ್ಚು ನಂಬುತ್ತಾರೆ." ಕಾರ್ಯದರ್ಶಿಯೂ ಓದುಗರನ್ನು ನಂಬುತ್ತಾರೆ, ಗ್ರಂಥಪಾಲಕರು ಇನ್ನೂ ಹೆಚ್ಚು ನಂಬುತ್ತಾರೆ ಎಂದೇ? ಅಥವಾ ಗ್ರಂಥಪಾಲಕರಿಗೆ ಕಾರ್ಯದರ್ಶಿಯ ಮೇಲೆ ಅಷ್ಟು ನಂಬಿಕೆಯಿಲ್ಲ ಎಂದೇ? ಸಭೆಯ ನಡಾವಳಿಯಲ್ಲಿ ಇದನ್ನು ಬರೆದರೆ ಮುಂದಿನ ಸಭೆ ಜಗಳದಿಂದ ಶುರುವಾದೀತು.

ಬಿಡಿಸುವ ದಾರಿಯೆಂದರೆ ಎರಡೂ ಕಡೆ ಒಂದೇ ಕ್ರಿಯೆಯನ್ನು ಇಟ್ಟು, ನುಂಗಿಹೋದ ವಿಭಕ್ತಿಯನ್ನು ವಾಪಸು ತರುವುದು. ಮೊದಲ ಅರ್ಥವಾದರೆ: "ಕಾರ್ಯದರ್ಶಿ ನಂಬುವುದಕ್ಕಿಂತ ಹೆಚ್ಚಾಗಿ ಗ್ರಂಥಪಾಲಕರು ಓದುಗರನ್ನು ನಂಬುತ್ತಾರೆ." ಎರಡನೆಯದಾದರೆ: "ಗ್ರಂಥಪಾಲಕರು ಕಾರ್ಯದರ್ಶಿಯನ್ನು ನಂಬುವುದಕ್ಕಿಂತ ಹೆಚ್ಚಾಗಿ ಓದುಗರನ್ನು ನಂಬುತ್ತಾರೆ." ವಾಕ್ಯ ಒಂದು ಪದ ಉದ್ದವಾಯಿತು, ನಿಜ. ಆದರೆ ಯಾರು ಯಾರನ್ನು ಎಂಬುದು ಈಗ ಸ್ಪಷ್ಟ.

ಕ್ರಿಯೆಯನ್ನು ಕ್ರಿಯೆಯ ಜೊತೆಗೇ ತೂಗಬೇಕು. "ಪುಸ್ತಕ ಖರೀದಿಗಿಂತ ಎರವಲು ತರುವುದು ಅಗ್ಗ" ಎಂಬುದರಲ್ಲಿ ಒಂದು ತಟ್ಟೆಯಲ್ಲಿ ನಾಮಪದ, ಇನ್ನೊಂದರಲ್ಲಿ "-ಉವುದು." "ಪುಸ್ತಕ ಕೊಳ್ಳುವುದಕ್ಕಿಂತ ಎರವಲು ತರುವುದು ಅಗ್ಗ" ಎಂದರೆ ಮುಗಿಯಿತು. ಹಾಗೆಂದು ಎಲ್ಲೆಡೆ ಚಾಚೂತಪ್ಪದೆ ತೂಗುತ್ತ ಕೂರಬಾರದು. "ಈ ವರ್ಷದ ಸದಸ್ಯರ ಸಂಖ್ಯೆ ಕಳೆದ ವರ್ಷಕ್ಕಿಂತ ಹೆಚ್ಚು" ಎಂಬುದರಲ್ಲಿ ಸಂಖ್ಯೆಯನ್ನು ವರ್ಷಕ್ಕೆ ಹೋಲಿಸಿದಂತಾಯಿತೆಂದು ತಕರಾರು ತೆಗೆದು, "ಕಳೆದ ವರ್ಷದ ಸದಸ್ಯರ ಸಂಖ್ಯೆಗಿಂತ" ಎಂದು ಎಳೆಯುವವರಿದ್ದಾರೆ. ಅರ್ಥ ತಪ್ಪುವ ಸಂಭವವೇ ಇಲ್ಲದ ಕಡೆ ಅದು ಬರೀ ಭಾರ. "ಕಳೆದ ವರ್ಷಕ್ಕಿಂತ ಈ ವರ್ಷ ಸದಸ್ಯರು ಹೆಚ್ಚು" ಎಂದು ತಿರುಗಿಸಿದರೆ ವರ್ಷಕ್ಕೆ ವರ್ಷ ಎದುರಾಗುತ್ತದೆ, ವಾಕ್ಯವೂ ಗಿಡ್ಡವಾಗುತ್ತದೆ.

ಮರಳಿ ನಿಮ್ಮ ಗೋಡೆಗೆ ಬರೋಣ. ನಾಲ್ಕನ್ನೂ ಒಂದೇ ಅಚ್ಚಿಗೆ ಹಾಕುವ ಮೊದಲು ನಾಲ್ಕೂ ಒಂದೇ ಜಾತಿಯವೇ ಎಂದು ಕೇಳಿಕೊಳ್ಳಬೇಕು. ಹಿಂದಿರುಗಿಸುವುದು, ಮೌನವಾಗಿರುವುದು, ಗೀಚದಿರುವುದು ಎಲ್ಲ ಸದಸ್ಯರಿಗೂ ಸದಾ ಅನ್ವಯಿಸುವ ನಿಯಮಗಳು. ಬೆಲೆ ಕಟ್ಟಿಕೊಡುವುದು ಪುಸ್ತಕ ಕಳೆದವರಿಗೆ ಮಾತ್ರ, ಅದೂ "ಕಳೆದರೆ" ಎಂಬ ಷರತ್ತಿನ ಮೇಲೆ. ಅದನ್ನು ಉಳಿದ ಮೂರರ ಸಾಲಿನಲ್ಲಿ ಕೂರಿಸಿ ಸರಿತೂಗಿಸುವ ಬದಲು ಹೊರಗೆ ತಂದು ಬೇರೆ ವಾಕ್ಯ ಮಾಡಿ. ಎರಡು "ಬೇಕು"ಗಳನ್ನು ಜೊತೆಗಿಟ್ಟು "ಬಾರದು" ಎಂಬುದನ್ನು ತುದಿಗೆ ಸರಿಸಿ. "ಮೌನ ಪಾಲನೆ"ಯ ಬದಲು ಜನ ಆಡುವ ಮಾತನ್ನೇ ಹಾಕಿ:

"ಸದಸ್ಯರು ಪುಸ್ತಕಗಳನ್ನು 15 ದಿನಗಳೊಳಗೆ ಹಿಂದಿರುಗಿಸಬೇಕು, ಓದುವ ಕೋಣೆಯಲ್ಲಿ ಸದ್ದು ಮಾಡದೆ ಇರಬೇಕು, ಪುಟಗಳ ಮೇಲೆ ಗೀಚಬಾರದು. ಪುಸ್ತಕ ಕಳೆದವರು ಅದರ ಬೆಲೆ ಕಟ್ಟಿಕೊಡಬೇಕು."