ಸರ್ಕಾರಿ ಬಾಂಡ್ ಬೆಲೆ 100ರಿಂದ 89ಕ್ಕೆ ಇಳಿದದ್ದೇಕೆ?

ಪ್ರಶ್ನೆ: ಶೇ 7 ಬಡ್ಡಿಯ 30 ವರ್ಷದ ಸರ್ಕಾರಿ ಬಾಂಡನ್ನು 100 ರೂಪಾಯಿಯ ಲೆಕ್ಕದಲ್ಲಿ ಕೊಂಡೆ. ಆಮೇಲೆ ಮಾರುಕಟ್ಟೆ ಬಡ್ಡಿ ಶೇ 8 ಆಯಿತು. ಈಗ ಬೆಲೆ 89ರ ಹತ್ತಿರ ತೋರಿಸುತ್ತಿದೆ. ನನ್ನ ತಮ್ಮ ಕೊಂಡ, ಅದೇ ಶೇ 7 ಬಡ್ಡಿಯ 3 ವರ್ಷದ ಬಾಂಡ್ ಮಾತ್ರ 97ರ ಮೇಲೇ ಇದೆ. ಸರ್ಕಾರದ ಬಾಂಡ್‌ಗೂ ನಷ್ಟ ಬರುತ್ತಾ? ಈಗ ಮಾರಿಬಿಡಲಾ?

ಉತ್ತರ: ಸರ್ಕಾರ ದುಡ್ಡು ಕೊಡದೇ ಹೋಗುತ್ತದೆ ಎಂಬ ಭಯದಿಂದ ಆದ ಇಳಿಕೆ ಇದಲ್ಲ. ಹೊಸ ಬಾಂಡ್ ವರ್ಷಕ್ಕೆ 8 ರೂಪಾಯಿ ಕೊಡುವಾಗ, 7 ಕೊಡುವ ನಿಮ್ಮ ಬಾಂಡನ್ನು ಯಾರೂ 100 ಕೊಟ್ಟು ಕೊಳ್ಳುವುದಿಲ್ಲ ಅಲ್ವಾ? ಕೊಳ್ಳುವವರಿಗೂ ಶೇ 8 ಗಿಟ್ಟುವಷ್ಟು ಬೆಲೆ ಇಳಿಯುತ್ತದೆ.

ತಮ್ಮನ ಬಾಂಡ್‌ನ ಲೆಕ್ಕ ಚಿಕ್ಕದು, ಅದನ್ನೇ ನೋಡೋಣ. ಮೊದಲ ಎರಡು ವರ್ಷ ತಲಾ 7 ರೂಪಾಯಿ, ಮೂರನೇ ವರ್ಷ ಅಸಲು ಸೇರಿ 107 ರೂಪಾಯಿ ಬರುತ್ತದೆ. ಮುಂದೆ ಬರುವ ಪ್ರತಿ ಮೊತ್ತವನ್ನೂ ಶೇ 8ರಲ್ಲಿ ಇಂದಿನ ಬೆಲೆಗೆ ಇಳಿಸಬೇಕು:

7/1.08 + 7/1.08² + 107/1.08³
= 6.48 + 6.00 + 84.94 = 97.42

ಸರ್ಕಾರಿ ಬಾಂಡ್ ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುವುದರಿಂದ ನಿಜವಾದ ಬೆಲೆ ಪೈಸೆಗಳಲ್ಲಿ ಬೇರೆಯಾಗಬಹುದು. ಇದೇ ಲೆಕ್ಕವನ್ನು 30 ವರ್ಷಕ್ಕೆ ಎಳೆದರೆ 88.74 ಬರುತ್ತದೆ. ವರ್ಷಕ್ಕೆ 1 ರೂಪಾಯಿ ಕಡಿಮೆ ಸಿಗುವ ಕೊರತೆ ತಮ್ಮನಿಗೆ ಮೂರೇ ವರ್ಷ, ನಿಮಗೆ ಮೂವತ್ತು ವರ್ಷ.

ಈ ವ್ಯತ್ಯಾಸವನ್ನು ಒಂದೇ ಅಂಕಿಯಲ್ಲಿ ಹೇಳುವುದು ಡ್ಯುರೇಶನ್. ನಿಮ್ಮ ಹಣ ಸರಾಸರಿ ಎಷ್ಟು ವರ್ಷಕ್ಕೆ ಕೈಸೇರುತ್ತದೆ ಎಂಬ ಲೆಕ್ಕ ಅದು. ತಮ್ಮನ 97.42ರಲ್ಲಿ 84.94 ಬರುವುದು ಮೂರನೇ ವರ್ಷ. ಹಾಗಾಗಿ ಸರಾಸರಿ 2.8 ವರ್ಷ. ಅದನ್ನು 1.08ರಿಂದ ಭಾಗಿಸಿದರೆ ಸಿಗುವ 2.6 ಮಾಡಿಫೈಡ್ ಡ್ಯುರೇಶನ್. ಅಂದರೆ ಬಡ್ಡಿ ಶೇ 1ರಷ್ಟು ಏರಿದರೆ ಬೆಲೆ ಸುಮಾರು ಶೇ 2.6 ಇಳಿಯುತ್ತದೆ. ನೀವು ಕೊಂಡಾಗ ನಿಮ್ಮ ಬಾಂಡ್‌ನ ಈ ಅಂಕಿ 12.4 ಇತ್ತು. ಕೊಳ್ಳುವ ಮೊದಲು ನೋಡಬೇಕಾದದ್ದು ಇದನ್ನೇ.

ಆದರೆ ಬೆಲೆ 12.4 ಅಲ್ಲ, 11.26 ಮಾತ್ರ ಇಳಿದಿದೆ. ಡ್ಯುರೇಶನ್ ಸಣ್ಣ ಏರಿಳಿತಕ್ಕೆ ಸರಿಹೊಂದುವ ಅಂದಾಜು. ಬಡ್ಡಿ ಏರುತ್ತಾ ಹೋದಂತೆ ಇಳಿಕೆಯ ವೇಗ ತಗ್ಗುತ್ತದೆ. ಅದೇ ಬಡ್ಡಿ ಶೇ 6ಕ್ಕೆ ಬಂದಿದ್ದರೆ ನಿಮ್ಮ ಬಾಂಡ್ 113.76 ಆಗುತ್ತಿತ್ತು, ಅಂದಾಜಿಗಿಂತ ಜಾಸ್ತಿ.

ಇನ್ನು ಮಾರುವ ಮಾತು. 88.74ಕ್ಕೆ ಮಾರಿ ಶೇ 8ರ ಹೊಸ 30 ವರ್ಷದ ಬಾಂಡ್ ಕೊಂಡರೂ, ಇದನ್ನೇ ಇಟ್ಟುಕೊಂಡರೂ ಇಂದಿನಿಂದ ಸಿಗುವುದು ಶೇ 8ರ ಗಳಿಕೆಯೇ. ಸುಮ್ನೆ ಬದಲಾಯಿಸಿದರೆ ಲಾಭವಿಲ್ಲ. ಅವಧಿ ಮುಗಿಯುವವರೆಗೆ ಇಟ್ಟರೆ 100 ರೂಪಾಯಿ ಪೂರ್ತಿ ಬರುತ್ತದೆ. ಆದರೆ ನಾಲ್ಕೈದು ವರ್ಷದಲ್ಲಿ ಮನೆಗೋ ಮದುವೆಗೋ ಈ ಹಣ ಬೇಕಿದ್ದರೆ, ಮಾರಿ ಅಷ್ಟೇ ಅವಧಿಯ ಬಾಂಡ್‌ಗೆ ಹಾಕುವುದು ಸರಿ. ಇದನ್ನೇ ಇಟ್ಟುಕೊಂಡರೆ, ಬಡ್ಡಿ ಇನ್ನೂ ಶೇ 1 ಏರಿದ ದಿನ ಮತ್ತೆ ಶೇ 10ರ ಆಸುಪಾಸು ಇಳಿಯುತ್ತದೆ.