ದಿನಾ ಆರ್ಡರ್ ಬೇಡ ಅಂದರೆ ಮಸಾಲೆ ಪುಡಿಯಿಂದಲೇ ಶುರು ಮಾಡಿ

ಪ್ರಶ್ನೆ: "ಅಡುಗೆ ಚೆನ್ನಾಗಿ ಮಾಡ್ತೀನಿ. ಆದರೆ ದಿನಾ ಊಟದ ಆರ್ಡರ್ ತಗೊಂಡು ಗಡಿಯಾರ ನೋಡ್ಕೊಂಡು ಅಡುಗೆ ಮಾಡೋದು ನನಗೆ ಆಗಲ್ಲ. ಅಡುಗೆ ಕ್ಲಾಸ್, ರೆಸಿಪಿ ವಿಡಿಯೋ, ಪ್ಯಾಕೆಟ್ ಮಸಾಲೆ ಪುಡಿ, ಈ ಮೂರರಲ್ಲಿ ಯಾವುದು ಹಿಡಿಯಲಿ?"

ಪುಡಿ ಹಿಡಿಯಿರಿ. ಊಟವನ್ನು ಇವತ್ತು ಮಾಡಿ ಇವತ್ತೇ ಕೊಡಬೇಕು. ಪುಡಿಯನ್ನು ತಿಂಗಳಿಗೊಮ್ಮೆ, ನಿಮಗೆ ಬಿಡುವಿದ್ದ ದಿನ ಮಾಡಿಟ್ಟು ನಿಧಾನಕ್ಕೆ ಕಳಿಸಬಹುದು. ನಾನು ಮಾಡುತ್ತಿರುವುದೂ ಇದನ್ನೇ. ವಿಡಿಯೋ, ಕ್ಲಾಸ್ ಎರಡೂ ಆಮೇಲೆ ಇದರ ಬೆನ್ನಿಗೇ ಬರುತ್ತವೆ.

ಕೈ ಪಳಗಿದವರಿಗೆ ಮೊದಲ ತೊಡಕು ಬರುವುದೇ ಆ ಪಳಗಿದ ಕೈಯಿಂದ. ನಾವು ಅಂದಾಜಿನ ಮೇಲೆ ಹಾಕುವವರು. ಆದರೆ ಹೋದ ತಿಂಗಳು ತಗೊಂಡವರಿಗೆ ಈ ತಿಂಗಳೂ ಅದೇ ರುಚಿ ಬೇಕು. ಹಾಗಂತ ಅಳೆದು ಹಾಕಲು ಹೋದರೆ ಕೈ ತಡವರಿಸುತ್ತದೆ. ಅದಕ್ಕೆ ಒಂದು ಉಪಾಯ ಇದೆ. ಡಬ್ಬಿಯನ್ನೇ ತೂಕದ ಯಂತ್ರದ ಮೇಲಿಟ್ಟು ಸೊನ್ನೆ ಮಾಡಿ, ಎಂದಿನಂತೆ ಕೈಯಲ್ಲೇ ತೆಗೆದು ಹಾಕಿ. ಎಷ್ಟು ಕಡಿಮೆ ಆಯಿತು ಅಂತ ಯಂತ್ರ ತೋರಿಸುತ್ತದೆ, ಬರೆದುಕೊಳ್ಳಿ. ನಾಲ್ಕಾರು ಸಲ ಹೀಗೆ ಮಾಡಿದರೆ ನಿಮ್ಮ ಕೈಯ ಲೆಕ್ಕ ಗ್ರಾಂಗಳಲ್ಲಿ ಸಿಗುತ್ತದೆ. ಉದಾಹರಣೆಗೆ ಒಂದು ಕಿಲೋಗೆ ಕೊತ್ತಂಬರಿ ಬೀಜ 550 ಗ್ರಾಂ, ತೊಟ್ಟು ತೆಗೆದ ಒಣಮೆಣಸಿನಕಾಯಿ 200, ಜೀರಿಗೆ 120, ಕಾಳುಮೆಣಸು 50, ಅರಿಶಿನ ಪುಡಿ 50, ಮೆಂತ್ಯ 30. ನಿಮ್ಮದು ಬೇರೆಯೇ ಇರಬಹುದು, ಮುಂದಿನ ಲೆಕ್ಕಕ್ಕೆ ಇದನ್ನೇ ಇಟ್ಟುಕೊಳ್ಳೋಣ.

ಈ ಪಟ್ಟಿಯಲ್ಲಿ ಏನಿಲ್ಲ ಅನ್ನುವುದನ್ನೂ ನೋಡಿ. ಕೊಬ್ಬರಿ, ಎಳ್ಳು, ಕಡಲೆಬೀಜ ಇಲ್ಲ. ಅವುಗಳಲ್ಲಿ ಎಣ್ಣೆ ಜಾಸ್ತಿ, ಬೇಗ ಕಮಟು ಹಿಡಿಯುತ್ತವೆ. ಉಪ್ಪೂ ಇಲ್ಲ, ಅದು ಗಾಳಿಯ ಪಸೆ ಎಳೆದು ಪುಡಿಯನ್ನು ಗಂಟು ಕಟ್ಟಿಸುತ್ತದೆ. ಇವನ್ನೆಲ್ಲ ಅಡುಗೆ ಮಾಡುವವರೇ ಹಾಕಿಕೊಳ್ಳಲಿ. ಇಂಗು ಹಾಕುವುದಾದರೆ ಅದರ ಡಬ್ಬಿಯ ಮೇಲಿನ ಸಣ್ಣಕ್ಷರ ಓದಿ. ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಬೇರೆ ಹಿಟ್ಟೋ ಸೇರಿರುತ್ತದೆ. ಗೋಧಿ ಆಗದವರು ಕೊಳ್ಳುವವರಲ್ಲಿ ಇರಬಹುದು, ನಿಮ್ಮ ಲೇಬಲ್‌ನಲ್ಲಿ ಅದು ಬರಲೇಬೇಕು.

ಮೆಣಸಿನಕಾಯಿ ತಂದ ಮೇಲೆ ಕೆಲವನ್ನು ಮುರಿದು ಒಳಗೆ ನೋಡಿ. ಹೊರಗೆ ಕೆಂಪಗೆ ಮಿರಮಿರ ಅಂದರೂ ಒಳಗೆ ಬೀಜದ ಸುತ್ತ ಬೂದುಬಣ್ಣದ ಬೂಷ್ಟು ಇರಬಹುದು. ಹುರಿದರೆ ಸರಿಹೋಗುತ್ತೆ ಅಂದುಕೊಳ್ಳಬೇಡಿ. ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ಎಂಬ ವಿಷ ನಮ್ಮ ಬಾಣಲೆಯ ಬಿಸಿಗೆ ಪೂರ್ತಿ ಹೋಗುವುದಿಲ್ಲ. ಅಂಥ ಚೀಲವನ್ನು ವಾಪಸ್ ಕೊಡಿ.

ಹುರಿಯುವುದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಪುಡಿ ವ್ಯಾಪಾರ ಕೆಡುವುದು ಹುರಿದ ಮೇಲೆ. ಸ್ವಲ್ಪ ಬೆಚ್ಚಗಿದ್ದಾಗಲೇ ಪ್ಯಾಕೆಟ್‌ಗೆ ತುಂಬಿದರೆ ಒಳಗಿನ ಆವಿ ತಣ್ಣಗಾಗಿ ನೀರಾಗುತ್ತದೆ. ಎರಡು ವಾರಕ್ಕೆ ಗಂಟು, ಆಮೇಲೆ ಮುಗ್ಗಲು ವಾಸನೆ. ಅದಕ್ಕೇ ಎರಡು ಸಲ ಆರಿಸಬೇಕು: ಹುರಿದ ಮೇಲೊಮ್ಮೆ, ಪುಡಿ ಮಾಡಿದ ಮೇಲೆ ಮತ್ತೊಮ್ಮೆ. ಮಿಕ್ಸಿ ಜಾರ್ ಬಿಸಿಯಾದಷ್ಟೂ ಘಮ ಹಾರಿಹೋಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಎಲ್ಲ ಸುತ್ತಿನ ಪುಡಿಯನ್ನೂ ದೊಡ್ಡ ಪಾತ್ರೆಯಲ್ಲಿ ಒಟ್ಟಿಗೆ ಕಲಸಿ ಜರಡಿ ಹಿಡಿದ ಮೇಲೇ ತುಂಬಿ. ಇಲ್ಲದಿದ್ದರೆ ಒಬ್ಬರ ಪ್ಯಾಕೆಟ್ ಖಾರ, ಇನ್ನೊಬ್ಬರದು ಸಪ್ಪೆ.

ಆರಿದೆಯಾ ಅಂತ ತಿಳಿಯಲು ಒಂದು ಮುಷ್ಟಿ ಪುಡಿಯನ್ನು ಒಣಗಿದ ಗಾಜಿನ ಬಾಟಲಿಗೆ ಹಾಕಿ ಮುಚ್ಚಿ, ಅರ್ಧ ಗಂಟೆ ಬಿಡಿ. ಗಾಜಿನ ಒಳಗೆ ಮಂಜು ಕಂಡರೆ ಇನ್ನೂ ಕಾಯಬೇಕು. ಒಲೆಯಲ್ಲಿ ಒಣಗಿಸಿ ತೂಕ ಇಳಿದಷ್ಟೂ ನೀರು ಅಂತ ಲೆಕ್ಕ ಹಾಕುವವರೂ ಇದ್ದಾರೆ. ಮಸಾಲೆಗೆ ಆ ಲೆಕ್ಕ ತಪ್ಪುತ್ತದೆ, ನೀರಿನ ಜೊತೆ ಘಮದ ಎಣ್ಣೆಯೂ ಹಾರಿ ತೂಕ ಇಳಿಯುತ್ತದೆ.

ತೆಳು ಪ್ಲಾಸ್ಟಿಕ್ ಕವರ್ ಬೇಡ, ಅದರಲ್ಲಿ ಘಮ ಹೊರಗೆ ಹೋಗುತ್ತದೆ. ಒಳಗೆ ಬೆಳ್ಳಿಬಣ್ಣದ ಪದರ ಇರುವ ದಪ್ಪ ಪೌಚ್ ಒಳ್ಳೆಯದು. ಬೆಳಕಿಗೆ ಮೆಣಸಿನಕಾಯಿಯ ಕೆಂಪು ಮಾಸುವುದೂ ತಪ್ಪುತ್ತದೆ. ಸೀಲ್ ಮಾಡಿದ ಒಂದೆರಡನ್ನು ನೀರಿನಲ್ಲಿ ಮುಳುಗಿಸಿ ಒತ್ತಿ ನೋಡಿ. ಗುಳ್ಳೆ ಬಂದರೆ ಸೀಲ್ ಸರಿಯಿಲ್ಲ.

ಈಗ ದುಡ್ಡಿನ ಲೆಕ್ಕ. 5 ಕಿಲೋ ಸಾಮಾನು ಹಾಕಿದಿರಿ, 100 ಗ್ರಾಂ ಪ್ಯಾಕೆಟ್ ಅಂದರೆ 50 ಬರಬೇಕು ಅಲ್ವಾ? ಬರುವುದಿಲ್ಲ. ಹುರಿದಾಗ ಆರುವ ತೇವ, ಜರಡಿಯ ತರಿ, ಜಾರ್‌ಗೆ ಅಂಟಿದ್ದು ಎಲ್ಲ ಕಳೆದು ನಾಲ್ಕೂವರೆ ಕಿಲೋ ಉಳಿಯಿತು ಅನ್ನಿ, 45 ಪ್ಯಾಕೆಟ್. ಅದರಲ್ಲಿ ಮೂರನ್ನು ಮಾರದೆ ತಯಾರಿಸಿದ ತಾರೀಖು ಬರೆದು ಎತ್ತಿಡಿ. ತಿಂಗಳಿಗೊಂದು ಒಡೆದು, ಹೊಸದರ ಪಕ್ಕದಲ್ಲಿಟ್ಟು ಮೂಸಿ, ಅಡುಗೆಗೆ ಹಾಕಿ ನೋಡಿ. ಎಷ್ಟು ತಿಂಗಳು ಘಮ ಉಳಿಯುತ್ತದೆ ಅಂತ ಹೀಗೆ ನೋಡಿಯೇ ಲೇಬಲ್ ಮೇಲೆ ಹಾಕಬೇಕು, ಬೇರೆಯವರ ಪ್ಯಾಕೆಟ್ ನೋಡಿ ಹಾಕುವುದಲ್ಲ. ಯಾರಾದರೂ ದೂರಿದರೂ ಅದೇ ಬ್ಯಾಚ್ ನಿಮ್ಮ ಕೈಯಲ್ಲಿರುತ್ತದೆ. ಉಳಿದದ್ದು 42. ಖರ್ಚನ್ನು 50ರಿಂದ ಭಾಗಿಸಿದವರಿಗಿಂತ ನಿಮ್ಮ ಪ್ಯಾಕೆಟ್‌ನ ನಿಜವಾದ ಖರ್ಚು ಸುಮಾರು ಐದನೇ ಒಂದು ಭಾಗ ಜಾಸ್ತಿ. ಇದರ ಮೇಲೆ ಪೌಚ್, ಲೇಬಲ್, ಗ್ಯಾಸ್, ನಿಮ್ಮ ಒಂದು ದಿನದ ಕೂಲಿ. ಕೂಲಿ ಬಿಟ್ಟು ಬೆಲೆ ಇಟ್ಟರೆ ಆಮೇಲೆ ಏರಿಸುವುದು ಕಷ್ಟ. ಮನೆಯಲ್ಲಿ ಮಾಡಿದ ಆಹಾರ ಮಾರಲು ನೀವಿರುವ ಕಡೆ ಏನು ನೋಂದಣಿ ಬೇಕು ಅಂತ ಮಾರುವ ಮೊದಲೇ ವಿಚಾರಿಸಿ.

ವಿಡಿಯೋದಿಂದಲೇ ಸಂಪಾದನೆ ಅಂತ ಹೊರಡಬೇಡಿ. ಯೂಟ್ಯೂಬ್ ಜಾಹೀರಾತಿನ ಪಾಲು ಕೊಡಬೇಕಾದರೆ ಉದ್ದದ ವಿಡಿಯೋಗಳಿಗೆ 1000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಬೇಕು. ಒಬ್ಬೊಬ್ಬರು ಮೂರು ನಿಮಿಷ ನೋಡುತ್ತಾರೆ ಅಂದರೆ 80,000 ಸಲ ನೋಡಬೇಕು. ಅದೂ ಬಾಗಿಲು ತೆರೆಯಲು ಮಾತ್ರ. ವಾರ ವಾರ ಹೊಸದು ಹಾಕಬೇಕಾದರೆ ಅದೂ ಆರ್ಡರ್ ಇದ್ದಂಗೇ! ಅದರ ಬದಲು ನಿಮ್ಮ ಪುಡಿಯನ್ನು ಯಾವಾಗ, ಎಷ್ಟು ಹಾಕಬೇಕು ಅಂತ ತೋರಿಸುವ ಎರಡು ನಿಮಿಷದ ವಿಡಿಯೋಗಳನ್ನು ಮೂರು ನಾಲ್ಕು ಮಾಡಿ, ಕ್ಯೂಆರ್ ಕೋಡ್ ಅನ್ನು ಪ್ಯಾಕೆಟ್ ಮೇಲೆ ಅಂಟಿಸಿ. "ಎಷ್ಟು ಚಮಚ ಹಾಕಬೇಕು?" ಅನ್ನುವ ಫೋನ್ ಕಮ್ಮಿಯಾಗುತ್ತದೆ.

ಕ್ಲಾಸ್ ಅನ್ನು ಪುಡಿ ಕೊಂಡವರಿಗೇ, ಆರೇಳು ಜನಕ್ಕೆ ಮೀರದಂತೆ, ಯಾವಾಗಾದರೊಮ್ಮೆ ಇಡಿ. ಹುರಿಯುವ ಹದ ಕಲಿಸಿ. ಮುಂಚೆಯೇ ದುಡ್ಡು ತಗೊಳ್ಳಿ, ಇಲ್ಲದಿದ್ದರೆ ಅರ್ಧ ಜನ ಬರಲ್ಲ.

ಪುಡಿಯ ಆರ್ಡರ್‌ಗೂ ಒಂದು ಗಡಿ ಹಾಕಿ. ತಿಂಗಳ 20ರವರೆಗೆ ಹೆಸರು ಬರೆಸಬಹುದು, ಆಮೇಲೆ ಬಂದವರು ಮುಂದಿನ ತಿಂಗಳಿಗೆ. "ನನಗೊಂದೇ ಪ್ಯಾಕೆಟ್, ನಾಳೆಗೆ" ಅನ್ನುವವರು ಬಂದೇ ಬರುತ್ತಾರೆ. ಅವರಿಗೆ ಒಂದು ಸಲ ಹೂಂ ಅಂದರೆ ದಿನದ ಆರ್ಡರ್ ಹಿಂಬಾಗಿಲಿನಿಂದ ಮತ್ತೆ ಬಂತು ಅಂತಲೇ ಲೆಕ್ಕ.